‘ನೋಟಿಸು ಬಂದೇ ಇಲ್ರೀ!’

ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ. ಈ ಗಾದೆ ಹುಟ್ಟಿದ ಕಾಲಕ್ಕೆ ಚೆಕ್ಕೂ ಇರಲಿಲ್ಲ, ಬ್ಯಾಂಕೂ ಇರಲಿಲ್ಲ. ಆದರೂ ದಾವಣಗೆರೆ ಮಂಡಿಪೇಟೆಯ ಯಾವ ಅಂಗಡಿಯವರನ್ನಾದರೂ ಕೇಳಿ, ಗಾದೆ ಇವತ್ತಿಗೂ ತಿಂಗಳಿಗೊಮ್ಮೆ ನಿಜವಾಗುತ್ತಲೇ ಇದೆ. ಸರಕು ಉದ್ರಿಗೆ ಹೋಗುತ್ತದೆ, ಚೆಕ್ ಬರುತ್ತದೆ, ಬ್ಯಾಂಕಿಗೆ ಹಾಕಿದರೆ ವಾಪಸ್ ಬರುತ್ತದೆ. ವಕೀಲರು ನೋಟಿಸು ಕಳಿಸಿ ಅನ್ನುತ್ತಾರೆ. ಕಳಿಸಿದ್ದೂ ಆಗುತ್ತದೆ. ಕೋರ್ಟಿನಲ್ಲಿ ಆ ಕಡೆಯ ಸಾಹುಕಾರರು ಕೈ ಮುಗಿದು ನಿಂತು ಹೇಳುವ ಮಾತು ಮಾತ್ರ ಒಂದೇ: ‘ನೋಟಿಸು ನನಗೆ ಬಂದೇ ಇಲ್ರೀ.’

ಆ ಮಾತಿಗೆ ಎದುರಾಗಿ ಯಾವ ಚೀಟಿ ನಿಲ್ಲುತ್ತದೆ, ಯಾವುದು ಮಗುಚಿ ಬೀಳುತ್ತದೆ ಅನ್ನುವುದೇ ಪ್ರಶ್ನೆ. ಪತ್ರ ಎಷ್ಟು ಬೇಗ ಹೋಯಿತು ಅನ್ನುವುದು ಆಮೇಲಿನ ಮಾತು. ನಮ್ಮ ವ್ಯಾಪಾರಸ್ಥರು ಲೆಕ್ಕ ತಪ್ಪುವುದು ಇಲ್ಲೇ. ಕೊರಿಯರ್ ನಾಳೆಯೇ ತಲುಪುತ್ತದೆ, ಇ-ಮೇಲ್ ಈಗಲೇ ತಲುಪುತ್ತದೆ, ಪೋಸ್ಟಿಗೆ ಹೋಗಿ ಕ್ಯೂ ನಿಲ್ಲೋರು ಯಾರು ಅನ್ನುತ್ತಾರೆ. ತಲುಪಿದ್ದನ್ನು ತೋರಿಸುವ ದಿನ ಬಂದಾಗ ಅದೇ ಕ್ಯೂ ನೆನಪಾಗುತ್ತದೆ.

ಅಂಚೆಗೆ ಇರುವ ಬಲ

ಚೆಕ್ ಬೌನ್ಸ್ ಆದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮು. ಬ್ಯಾಂಕಿನಿಂದ ಚೆಕ್ ವಾಪಸಾದ ಮಾಹಿತಿ ಬಂದ 30 ದಿನದೊಳಗೆ ಬರಹದಲ್ಲಿ ನೋಟಿಸು ಕೊಡಬೇಕು. ನೋಟಿಸು ಕೈಸೇರಿದ ಮೇಲೆ ಹಣ ಕಟ್ಟಲು ಆ ಕಡೆಯವರಿಗೆ 15 ದಿನ. ಅಷ್ಟರಲ್ಲೂ ಕಟ್ಟದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ಕೋರ್ಟಿನಲ್ಲಿ ದೂರು. ನೋಟಿಸು ಇಂಥ ದಾರಿಯಲ್ಲೇ ಹೋಗಬೇಕೆಂದು ಆ ಕಲಮು ಹೇಳುವುದಿಲ್ಲ. ಬರಹದಲ್ಲಿ ಇರಬೇಕು, ಅಷ್ಟೆ. ಹಾಗಾದರೆ ಎಲ್ಲ ದಾರಿಯೂ ಒಂದೇ ಅಂದುಕೊಂಡರೆ ಕೆಟ್ಟರು.

ಯಾಕೆಂದರೆ 1897ರ ಜನರಲ್ ಕ್ಲಾಸಸ್ ಕಾಯ್ದೆ ಅಂತ ಒಂದಿದೆ. ಅದರ 27ನೇ ಕಲಮು ರಿಜಿಸ್ಟರ್ಡ್ ಅಂಚೆಗೆ ಒಂದು ವರ ಕೊಟ್ಟಿದೆ. ವಿಳಾಸ ಸರಿಯಾಗಿ ಬರೆದು, ಶುಲ್ಕ ಕಟ್ಟಿ, ರಿಜಿಸ್ಟರ್ ಮಾಡಿ ಪತ್ರ ಹಾಕಿದ್ದರೆ, ಮಾಮೂಲಿಯಾಗಿ ತಲುಪಬೇಕಾದ ದಿನ ಅದು ತಲುಪಿತೆಂದೇ ಕಾನೂನು ನಂಬುತ್ತದೆ. ಬಂದಿಲ್ಲ ಅನ್ನುವವನೇ ಬಂದಿಲ್ಲವೆಂದು ತೋರಿಸಬೇಕು. ಅಂದರೆ ಹೊರೆ ಆ ಕಡೆಯವರ ತಲೆಗೆ ಹೋಯಿತು.

1999ರಲ್ಲಿ ಭಾಸ್ಕರನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ನೋಟಿಸನ್ನು ಬಿಡಿಸಿಕೊಳ್ಳದೆ ಅದು ವಾಪಸ್ ಬಂದರೂ ಕೊಟ್ಟಂತೆಯೇ. 2007ರಲ್ಲಿ ಅಲವಿ ಹಾಜಿ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳು ಅದನ್ನು ಇನ್ನೂ ಗಟ್ಟಿ ಮಾಡಿದರು. ನಿಜವಾಗಿಯೂ ನೋಟಿಸು ಬಂದಿರಲಿಲ್ಲ ಅನ್ನುವವರು ಕೋರ್ಟಿನ ಸಮನ್ಸ್ ಬಂದ 15 ದಿನದಲ್ಲಿ ಚೆಕ್ಕಿನ ಹಣ ಕಟ್ಟಿಬಿಡಲಿ, ಅದೂ ಕಟ್ಟದೆ ಬರೀ ‘ಬಂದಿಲ್ಲ’ ಅಂದರೆ ಕೇಳುವುದಿಲ್ಲ ಅಂದರು.

ಕೊರಿಯರಿಗೆ ಈ ವರ ಇಲ್ಲ. 27ನೇ ಕಲಮಿನಲ್ಲಿ ಕೊರಿಯರ್ ಅನ್ನುವ ಮಾತೇ ಇಲ್ಲ. ಕೊರಿಯರ್ ಹುಡುಗ ತಂದುಕೊಡುವ ಚೀಟಿ ಸುಳ್ಳೆಂದು ಯಾರೂ ಅನ್ನುವುದಿಲ್ಲ. ಆದರೆ ಅದರಲ್ಲಿ ಇರುವುದು ಕೋಳಿ ಕೆದರಿದಂಥ ಒಂದು ರುಜು, ಕೆಲವು ಸಲ ಅಂಗಡಿಯ ಸೀಲು, ಎಷ್ಟೋ ಸಲ ಅದೂ ಇಲ್ಲ. ರುಜು ಮಾಡಿದವರು ಯಾರು? ಮಗನೋ, ಆಳೋ, ಪಕ್ಕದ ಟೀ ಅಂಗಡಿಯವನೋ? ಆ ಕಡೆಯ ವಕೀಲರು ಕೇಳಿದರೆ ಉತ್ತರ ಹೇಳಲು ಆ ಹುಡುಗನನ್ನೇ ಹುಡುಕಿ ತರಬೇಕಾಗುತ್ತದೆ. ಅಷ್ಟರಲ್ಲಿ ಅವನು ಕೆಲಸ ಬಿಟ್ಟು ಬೆಂಗಳೂರು ಸೇರಿರುತ್ತಾನೆ. ಪೋಸ್ಟ್‌ಮನ್ ಲಕೋಟೆ ಮೇಲೆ ಬರೆದ ಷರಾ ಬೇರೆ. ಅದು ಸರ್ಕಾರಿ ಕೆಲಸದಲ್ಲಿ ಬರೆದದ್ದು, ಕ್ರಮವಾಗಿಯೇ ಬರೆದಿದ್ದಾರೆಂದು ಕೋರ್ಟ್ ಮೊದಲಿಗೆ ಒಪ್ಪುತ್ತದೆ.

ಹಾಗಂತ ಕೊರಿಯರ್ ಕಳಿಸಲೇಬಾರದು ಅಂತಲ್ಲ. ಎರಡನೇ ಪ್ರತಿಗೆ ಅದು ಬೇಷಾಗಿ ಆಗುತ್ತದೆ. ಒಂದೇ ಪ್ರತಿ ಕಳಿಸುವುದಾದರೆ ಕೊರಿಯರ್ ನಂಬುವುದು ದಡ್ಡತನ.

ಕೌಂಟರಿನಲ್ಲಿ ಆಡಬೇಕಾದ ಮಾತು

ಈಗ ಒಂದು ತೊಡಕಿದೆ. ‘ರಿಜಿಸ್ಟರ್ ಪೋಸ್ಟ್ ಮಾಡಿ ಸಾರ್’ ಅಂತ ಅಭ್ಯಾಸಬಲದಿಂದ ಕೇಳುವವರು ಇನ್ನೂ ಇದ್ದಾರೆ. ದೇಶದೊಳಗಿನ ರಿಜಿಸ್ಟರ್ಡ್ ಅಂಚೆಯನ್ನು ಇಲಾಖೆ 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಸೇರಿಸಿಬಿಟ್ಟಿದೆ. ಹಳೆಯ ರಿಜಿಸ್ಟರ್ ಅಂಚೆ ಬೇರೆಯಾಗಿ ಇಲ್ಲ. ಬರೀ ಸ್ಪೀಡ್ ಪೋಸ್ಟ್ ಮಾಡಿದರೆ ಪತ್ರ ಆ ವಿಳಾಸಕ್ಕೆ ಹೋಗುತ್ತದೆ, ಅಲ್ಲಿದ್ದವರು ಯಾರಾದರೂ ತೆಗೆದುಕೊಳ್ಳಬಹುದು. ಹೆಸರಿದ್ದವರಿಗೇ, ಇಲ್ಲವೇ ಅವರು ಅಧಿಕಾರ ಕೊಟ್ಟವರಿಗೇ ಕೊಡಬೇಕೆಂದರೆ ಸ್ಪೀಡ್ ಪೋಸ್ಟಿನ ಮೇಲೆ ‘ರಿಜಿಸ್ಟ್ರೇಷನ್’ ಅಂತ ಬೇರೆಯಾಗಿ ಕೇಳಿ ಹಾಕಿಸಬೇಕು. ಹಳೆಯ ಎ.ಡಿ. ಕಾರ್ಡಿನ ಕೆಲಸಕ್ಕೆ ‘ಪ್ರೂಫ್ ಆಫ್ ಡೆಲಿವರಿ’ ಅಂತ ಇದೆ, ಅದನ್ನೂ ಕೇಳಬೇಕು. ಕೇಳದವರಿಗೆ ಕೌಂಟರಿನವರು ತಾವಾಗಿ ಹಾಕುತ್ತಾರೆಂಬ ಭರವಸೆ ಬೇಡ.

ದರ? 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಪಟ್ಟಿಯಂತೆ 50 ಗ್ರಾಂವರೆಗಿನ ಕಾಗದಕ್ಕೆ ಊರೊಳಗೆ 19 ರೂಪಾಯಿ, ಪರವೂರಿಗೆ 47 ರೂಪಾಯಿ. ರಿಜಿಸ್ಟ್ರೇಷನ್ನಿಗೆ 5 ರೂಪಾಯಿ. ಇದರ ಮೇಲೆ ಜಿಎಸ್‌ಟಿ. ಡೆಲಿವರಿ ಪುರಾವೆಗೆ ಬೇರೆ ಶುಲ್ಕ. ಮೂರು ನಾಲ್ಕು ಹಾಳೆಯ ವಕೀಲರ ನೋಟಿಸು 50 ಗ್ರಾಂ ಒಳಗೇ ಬರುತ್ತದೆ. ಹಿಂದಿಗಿಂತ ದುಬಾರಿ ಹೌದು. ಆದರೆ ಸಾವಿರಗಟ್ಟಲೆ ಬಾಕಿಯ ಮುಂದೆ 5 ರೂಪಾಯಿ ಉಳಿಸುವುದು ಯಾವ ವ್ಯಾಪಾರ?

ಇದೇ ಪಟ್ಟಿಯಲ್ಲಿ ಇನ್ನೊಂದು 5 ರೂಪಾಯಿಗೆ ಒಟಿಪಿ ಡೆಲಿವರಿ ಇದೆ. ಪಡೆಯುವವರು ಫೋನಿಗೆ ಬಂದ ನಂಬರ್ ಹೇಳಿದರೆ ಮಾತ್ರ ಪತ್ರ ಕೊಡುತ್ತಾರೆ. ಪಾಸ್‌ಪುಸ್ತಕ, ಕಾರ್ಡು ಕಳಿಸುವುದಕ್ಕೆ ಚೆನ್ನ. ಬಾಕಿದಾರನಿಗೆ ನೋಟಿಸು ಕಳಿಸುವಾಗ ಇದು ಬೇಡ. ತಪ್ಪಿಸಿಕೊಳ್ಳಬೇಕೆಂದವನು ಒಟಿಪಿ ಹೇಳುತ್ತಾನೆಯೆ? ಅವನ ಕೈಗೆ ಬೀಗವನ್ನೂ ಕೊಟ್ಟು ಕೀಲಿಯನ್ನೂ ಕೊಟ್ಟಂತೆ.

ಲಕೋಟೆ ವಾಪಸ್ ಬಂದರೆ

ವಾಪಸ್ ಬಂದ ಲಕೋಟೆ ನೋಡಿ ಎದೆ ಒಡೆದುಕೊಳ್ಳುವವರಿದ್ದಾರೆ. ಮೊದಲು ಅದರ ಮೇಲಿನ ಷರಾ ಓದಲಿ. ‘ರೆಫ್ಯೂಸ್ಡ್’ ಅಂತಿದ್ದರೆ ಬೇಡವೆಂದರು, ಅದು ಕೊಟ್ಟಂತೆಯೇ. ನಿರಾಕರಿಸಿದ್ದು ಮುಟ್ಟಿದ್ದಕ್ಕೆ ಸಮ ಎಂದು ಸುಪ್ರೀಂ ಕೋರ್ಟ್ 1981ರಲ್ಲೇ ಹರಚರಣ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ‘ಅನ್‌ಕ್ಲೇಮ್ಡ್’ ಅಂತಿದ್ದರೆ ಪೋಸ್ಟ್‌ಮನ್ ಚೀಟಿ ಕೊಟ್ಟು ಬಂದರೂ ಬಿಡಿಸಿಕೊಳ್ಳಲಿಲ್ಲ ಅಂತ ಅರ್ಥ. ಇದೂ ಕಳಿಸಿದವರ ಪರವೇ.

ಎದೆ ಒಡೆದುಕೊಳ್ಳಬೇಕಾದ ಷರಾಗಳು ಬೇರೆ. ‘ಲೆಫ್ಟ್’ ಅಂದರೆ ಆಸಾಮಿ ಆ ಜಾಗ ಬಿಟ್ಟಿದ್ದಾನೆ. ‘ನೋ ಸಚ್ ಪರ್ಸನ್’, ‘ಇನ್‌ಸಫಿಷಿಯೆಂಟ್ ಅಡ್ರೆಸ್’ ಅಂದರೆ ವಿಳಾಸವೇ ಸರಿಯಿಲ್ಲ. 27ನೇ ಕಲಮಿನ ವರಕ್ಕೆ ಮೊದಲ ಶರತ್ತೇ ಸರಿಯಾದ ವಿಳಾಸ. ಅದು ತಪ್ಪಿದರೆ ವರವೂ ಇಲ್ಲ. ಆಗ ಹೊಸ ವಿಳಾಸ ಹುಡುಕಿ 30 ದಿನದೊಳಗೇ ಇನ್ನೊಂದು ನೋಟಿಸು ಹೋಗಬೇಕು. 28ನೇ ದಿನ ನೋಟಿಸು ಹಾಕುವವರಿಗೆ ಆ ಪುರಸತ್ತು ಎಲ್ಲಿ?

ವಿಳಾಸ ಎಲ್ಲಿಂದ ತರುವುದು? ಬಿಲ್ಲಿನಲ್ಲಿರುವುದು ಒಂದು. ಗಿರಾಕಿಗೆ ಜಿಎಸ್‌ಟಿ ನಂಬರ್ ಇದ್ದರೆ gst.gov.in ತಾಣದಲ್ಲಿ ‘Search Taxpayer’ ಒತ್ತಿ ಆ ನಂಬರ್ ಹೊಡೆದರೆ ಅವರ ಮುಖ್ಯ ವ್ಯಾಪಾರ ಸ್ಥಳ ಬರುತ್ತದೆ. ಅದನ್ನು ಪ್ರಿಂಟ್ ತೆಗೆದು ಇಟ್ಟುಕೊಂಡರೆ, ‘ಅದು ನನ್ನ ವಿಳಾಸವೇ ಅಲ್ಲ’ ಅನ್ನುವವನಿಗೆ ಅವನೇ ಸರ್ಕಾರಕ್ಕೆ ಬರೆದುಕೊಟ್ಟದ್ದನ್ನು ತೋರಿಸಬಹುದು. ಅಂಗಡಿಗೊಂದು, ಮನೆಗೊಂದು ಪ್ರತಿ ಹಾಕುವುದು ಇನ್ನೂ ಕ್ಷೇಮ.

ವಾಪಸ್ ಬಂದ ಲಕೋಟೆಯನ್ನು ಒಡೆಯಬಾರದು. ಎಷ್ಟೋ ಜನ ಮಾಡುವ ತಪ್ಪು ಇದು. ಮುಚ್ಚಿದ ಹಾಗೆಯೇ, ಷರಾ, ಮುದ್ರೆ ಸಮೇತ, ವಕೀಲರ ಕೈಗೆ ಹೋಗಬೇಕು. ಕೋರ್ಟಿನ ಮುಂದೆ ಒಡೆದರೆ ಒಳಗಿನ ನೋಟಿಸು ತಾನೇ ಮಾತಾಡುತ್ತದೆ. ಮನೆಯಲ್ಲಿ ಒಡೆದರೆ ‘ಒಳಗೆ ಬಿಳಿ ಹಾಳೆ ಇತ್ತು’ ಅನ್ನುವುದಕ್ಕೆ ಆ ಕಡೆಯವರಿಗೆ ದಾರಿ ಮಾಡಿಕೊಟ್ಟಂತೆ.

ಇ-ಮೇಲ್ ಹೂಡುವ ಗಡಿಯಾರ

ಇನ್ನು ಇ-ಮೇಲ್. ಇದನ್ನು ಕಾನೂನು ಒಪ್ಪುವುದಿಲ್ಲ ಅನ್ನುವುದು ಹಳೆ ಮಾತು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 13ನೇ ಕಲಮು ಇ-ಮೇಲ್ ಯಾವಾಗ ತಲುಪಿದಂತೆ ಎಂದು ಹೇಳುತ್ತದೆ. ಪಡೆಯುವವರು ‘ನನ್ನ ಪತ್ರ ಇಲ್ಲಿಗೇ ಕಳಿಸಿ’ ಎಂದು ಗೊತ್ತುಮಾಡಿದ ವಿಳಾಸವಾದರೆ, ಅಲ್ಲಿಗೆ ಹೊಕ್ಕ ಕ್ಷಣವೇ ತಲುಪಿದಂತೆ. ಅವರು ಗೊತ್ತುಮಾಡಿದ್ದು ಒಂದಿದ್ದು, ಕಳಿಸಿದ್ದು ಅವರ ಇನ್ನೊಂದು ವಿಳಾಸಕ್ಕಾದರೆ, ಅವರು ಅದನ್ನು ತೆಗೆದು ನೋಡಿದಾಗ ಮಾತ್ರ. ಹೀಗಾಗಿ ಉದ್ರಿ ಕೊಡುವ ದಿನವೇ ಆರ್ಡರ್ ಫಾರಂ ಮೇಲೆ ‘ಪತ್ರ ವ್ಯವಹಾರಕ್ಕೆ ಈ ಇ-ಮೇಲ್’ ಎಂದು ಗಿರಾಕಿಯ ಕೈಯಲ್ಲೇ ಬರೆಸಿ ರುಜು ಹಾಕಿಸಿದರೆ ಆ ಮೇಲ್‌ಗೆ ಬೆಲೆ ಬರುತ್ತದೆ.

ಅದನ್ನು ಕೋರ್ಟಿಗೆ ಕೊಡುವುದು ಇನ್ನೊಂದು ತಲೆನೋವು. ಫೋನಿನ ಪರದೆಯ ಫೋಟೋ ಹಿಡಿದು ಕೊಟ್ಟರೆ ಸಾಲದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಪ್ರಮಾಣಪತ್ರ ಬೇಕು. ಅದರಲ್ಲಿ ಎ ಮತ್ತು ಬಿ ಎಂದು ಎರಡು ಭಾಗ. ಮೊದಲಿನದನ್ನು ಮೇಲ್ ಕಳಿಸಿದವರು ತುಂಬಬೇಕು, ಎರಡನೆಯದನ್ನು ಕಂಪ್ಯೂಟರ್ ಬಲ್ಲ ತಜ್ಞರು. ಆದ್ದರಿಂದ ಕಳಿಸಿದ ಮೇಲನ್ನು ಅಳಿಸದೆ ಪೆಟ್ಟಿಗೆಯಲ್ಲೇ ಬಿಡಬೇಕು. ಕಳಿಸಿದ ಕೂಡಲೆ ‘ಮೇಲರ್ ಡೀಮನ್’ ಹೆಸರಿನಲ್ಲಿ ವಾಪಸ್ ಪತ್ರ ಬಂತೋ ನೋಡಬೇಕು. ಬಂದಿದ್ದರೆ ಹೋಗಿಲ್ಲ ಅಂತ ಅರ್ಥ.

ಇಲ್ಲಿಗೆ ಮುಗಿಯಲಿಲ್ಲ. ‘ಯಾವುದಕ್ಕೂ ಇರಲಿ’ ಅಂತ ಎಲ್ಲ ದಾರಿಯಲ್ಲೂ ಕಳಿಸುವವರಿಗೆ ಬೆಂಗಳೂರಿನ ರೇಷ್ಮೆ ವ್ಯಾಪಾರಿ ಸಂಸ್ಥೆಯೊಂದರ ಕತೆ ಗೊತ್ತಿರಬೇಕು. ಅದು ಎಕ್ಸಿಮ್ ಏಡ್ಸ್ ಸಿಲ್ಕ್ ಎಕ್ಸ್‌ಪೋರ್ಟರ್ಸ್. ಬಾಕಿದಾರರು ಅಮೆರಿಕದ ಎಸ್‌ಐಎಲ್ ಇಂಪೋರ್ಟ್. ಚೆಕ್ ವಾಪಸಾದ ಮೇಲೆ ಬೆಂಗಳೂರಿನವರು 1996ರ ಜೂನ್ 11ರಂದು ಫ್ಯಾಕ್ಸ್‌ನಲ್ಲಿ ನೋಟಿಸು ಕಳಿಸಿದರು. ಮರುದಿನ ಅದೇ ನೋಟಿಸನ್ನು ರಿಜಿಸ್ಟರ್ಡ್ ಅಂಚೆಯಲ್ಲೂ ಹಾಕಿದರು. ಅಂಚೆ ಮುಟ್ಟಿದ್ದು ಜೂನ್ 25ಕ್ಕೆ. ಆ ದಿನದಿಂದ ಲೆಕ್ಕ ಹಿಡಿದು ಆಗಸ್ಟ್ 8ರಂದು ದೂರು ಹಾಕಿದರು. ಅಂಚೆಯ ಲೆಕ್ಕದಲ್ಲಿ ಅದು ಸಕಾಲಕ್ಕೇ ಹಾಕಿದ ದೂರು.

ಆದರೆ 1999ರಲ್ಲಿ ಸುಪ್ರೀಂ ಕೋರ್ಟ್ ಏನೆಂದಿತು? ಫ್ಯಾಕ್ಸ್ ಕೂಡ ಬರಹದ ನೋಟಿಸೇ, ಅದು ಮುಟ್ಟಿದ ದಿನವೇ ಗಡಿಯಾರ ಶುರು ಎಂದಿತು. ಜೂನ್ 11ರಿಂದ ಎಣಿಸಿದರೆ 15 ದಿನ ಜೂನ್ 26ಕ್ಕೆ ಮುಗಿಯಿತು, ದೂರಿನ ಒಂದು ತಿಂಗಳು ಜುಲೈ ಕೊನೆಯಲ್ಲೇ ದಾಟಿತು. ಆಗಸ್ಟ್ 8ರ ದೂರು ತಡ! ಎರಡು ದಾರಿಯಲ್ಲಿ ಕಳಿಸಿದ ಜಾಗ್ರತೆಯೇ ಉರುಳಾಯಿತು. ಆಮೇಲೆ 2002ರ ತಿದ್ದುಪಡಿಯಲ್ಲಿ, ಸರಿಯಾದ ಕಾರಣ ತೋರಿಸಿದರೆ ತಡವನ್ನು ಮನ್ನಿಸುವ ಅಧಿಕಾರ ಕೋರ್ಟಿಗೆ ಬಂದಿದೆ. ಮನ್ನಿಸಿಯೇ ತೀರುತ್ತದೆಂದು ಯಾರೂ ಬರೆದುಕೊಟ್ಟಿಲ್ಲ.

ಫ್ಯಾಕ್ಸ್ ಹೋಯಿತು, ಇ-ಮೇಲ್ ಬಂತು. ಪಾಠ ಅದೇ ಉಳಿದಿದೆ. ಮೊದಲು ಮುಟ್ಟಿದ್ದೇ ಮೊದಲ ನೋಟಿಸು.

ದಿನದ ಲೆಕ್ಕ

ಒಂದು ಲೆಕ್ಕ ಹಾಕಿ ನೋಡೋಣ. ಮಂಡಿಪೇಟೆಯ ಹಾರ್ಡ್‌ವೇರ್ ಅಂಗಡಿ ಯಜಮಾನರೊಬ್ಬರು ಚನ್ನಗಿರಿಯ ಗಿರಾಕಿಗೆ ಪೈಪು, ಮೋಟಾರು ಕೊಟ್ಟಿದ್ದಾರೆ ಅಂತಿಟ್ಟುಕೊಳ್ಳಿ. 86,000 ರೂಪಾಯಿಯ ಚೆಕ್ ಹಣವಿಲ್ಲವೆಂದು ವಾಪಸಾಗಿ, ಬ್ಯಾಂಕಿನ ಮೆಮೋ ಮಾರ್ಚ್ 2ಕ್ಕೆ ಕೈಗೆ ಬಂತು. ನೋಟಿಸಿಗೆ ಗಡುವು ಏಪ್ರಿಲ್ 1. ಯಜಮಾನರು ಕಾಯದೆ ಮಾರ್ಚ್ 10ರಂದೇ ಚನ್ನಗಿರಿಗೆ ರಿಜಿಸ್ಟ್ರೇಷನ್ ಹಾಕಿಸಿ ಸ್ಪೀಡ್ ಪೋಸ್ಟ್ ಮಾಡಿದರು. ಅದೇ ದಿನ ಗಿರಾಕಿ ಬರೆದುಕೊಟ್ಟಿದ್ದ ಇ-ಮೇಲಿಗೂ ಪ್ರತಿ ಕಳಿಸಿದರು. ಅಂಚೆ ಮುಟ್ಟಿದ್ದು ಮಾರ್ಚ್ 14ಕ್ಕೆ.

ಇ-ಮೇಲಿನಿಂದ ಎಣಿಸಿದರೆ ಗಿರಾಕಿಯ 15 ದಿನ ಮಾರ್ಚ್ 25ಕ್ಕೆ ಮುಗಿಯುತ್ತದೆ. ದೂರಿಗೆ ಕಡೆಯ ದಿನ ಏಪ್ರಿಲ್ 26. ಅಂಚೆಯಿಂದ ಎಣಿಸಿದರೆ 15 ದಿನ ಮುಗಿಯುವುದು ಮಾರ್ಚ್ 29ಕ್ಕೆ, ದೂರಿಗೆ ಏಪ್ರಿಲ್ 30ರವರೆಗೆ ಸಮಯ. ಯಾವುದನ್ನು ಹಿಡಿಯುವುದು?

ಎರಡನ್ನೂ ಹಿಡಿಯಬೇಕು. ಯಾಕೆಂದರೆ ತಡವಾದ ದೂರು ಬೀಳುವಂತೆ ಅವಸರದ ದೂರೂ ಬೀಳುತ್ತದೆ. 15 ದಿನ ಮುಗಿಯುವ ಮೊದಲೇ ಹಾಕಿದ ದೂರು ನಿಲ್ಲುವುದಿಲ್ಲವೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ. ಹಾಗಾಗಿ ತಡವಾಗಿ ಮುಟ್ಟಿದ್ದರ 15 ದಿನ ಮುಗಿದ ಮೇಲೆ, ಬೇಗ ಮುಟ್ಟಿದ್ದರ ತಿಂಗಳು ಮುಗಿಯುವ ಮುಂಚೆ ದೂರು ಹೋಗಬೇಕು. ಈ ಯಜಮಾನರಿಗೆ ಆ ಕಿಟಕಿ ಮಾರ್ಚ್ 30ರಿಂದ ಏಪ್ರಿಲ್ 26ರವರೆಗೆ. ಆ ನಡುವೆ ಯಾವ ದಿನ ಹಾಕಿದರೂ ಎರಡು ಲೆಕ್ಕಕ್ಕೂ ಸರಿ. ಕಡೆಯ ದಿನಕ್ಕೆ ತಳ್ಳದೆ ಏಪ್ರಿಲ್ ಮೊದಲ ವಾರವೇ ಹಾಕಿದರೆ ರಾತ್ರಿ ನಿದ್ದೆಯೂ ಬರುತ್ತದೆ.

ಒಂದು ವೇಳೆ ಮಾರ್ಚ್ 20ಕ್ಕೆ ಲಕೋಟೆ ‘ಲೆಫ್ಟ್’ ಅಂತ ವಾಪಸ್ ಬಂದಿದ್ದರೆ? ಏಪ್ರಿಲ್ 1ಕ್ಕೆ ಇನ್ನೂ 12 ದಿನ ಇದೆ. ಬೇರೆ ವಿಳಾಸ ಹುಡುಕಿ ಮತ್ತೆ ಕಳಿಸಬಹುದು. ಬೇಗ ಕಳಿಸಿದ್ದರ ಲಾಭ ಅದು.

ಫೈಲಿಗೆ ಹೋಗಬೇಕಾದ್ದು

ಬುಕ್ಕಿಂಗ್ ರಸೀದಿಯನ್ನು ಗಲ್ಲಾಪೆಟ್ಟಿಗೆಯಲ್ಲಿ ಎಸೆಯುವ ಅಭ್ಯಾಸ ಬಿಡಬೇಕು. ಅದು ಬಿಸಿಗೆ ಮಾಸುವ ಕಾಗದ. ಕೇಸು ವಿಚಾರಣೆಗೆ ಬರುವ ಹೊತ್ತಿಗೆ ಬಿಳಿ ಹಾಳೆ ಆಗಿರುತ್ತದೆ. ಅದೇ ದಿನ ಜೆರಾಕ್ಸ್ ಮಾಡಿಸಿ, ಮೂಲದ ಜೊತೆ ಪಿನ್ ಹೊಡೆಯಲಿ. ಅದರಲ್ಲಿರುವ 13 ಅಕ್ಷರದ ನಂಬರನ್ನು ನೋಟಿಸಿನ ಆಫೀಸ್ ಕಾಪಿ ಮೇಲೆ ಬರೆಯಲಿ. ಆಗ ಈ ರಸೀದಿ ಈ ನೋಟಿಸಿನದೇ ಎಂದು ಜೋಡಿ ಸಿಗುತ್ತದೆ. ರಸೀದಿಯಲ್ಲಿ ಹೆಸರು, ಪಿನ್‌ಕೋಡ್ ಸರಿಯಿದೆಯೋ ಕೌಂಟರ್ ಬಿಡುವ ಮೊದಲೇ ನೋಡಲಿ. ಒಂದು ಅಂಕೆ ತಪ್ಪಿ ಪತ್ರ ಬೇರೆ ತಾಲ್ಲೂಕಿಗೆ ಹೋದರೆ ‘ಸರಿಯಾದ ವಿಳಾಸ’ ಅನ್ನುವ ಮಾತೇ ಬಿದ್ದುಹೋಗುತ್ತದೆ.

ವಾರದೊಳಗೆ indiapost.gov.in ತಾಣದಲ್ಲಿ ಆ ನಂಬರ್ ಹಾಕಿ, ಮುಟ್ಟಿದ ದಿನ, ಹೊತ್ತು ಇರುವ ಪುಟವನ್ನು ಪ್ರಿಂಟ್ ತೆಗೆಯಲಿ. ಆ ವಿವರ ಅಲ್ಲಿ ಶಾಶ್ವತವಾಗಿ ಇರುವುದಿಲ್ಲ, ಕೆಲವು ತಿಂಗಳ ಮೇಲೆ ಹುಡುಕಿದರೆ ಖಾಲಿ. ಡೆಲಿವರಿ ಪುರಾವೆ ಕೈಗೆ ಬರದಿದ್ದರೆ ಆಗಲೇ ಅಂಚೆ ಕಚೇರಿಗೆ ಬರಹದಲ್ಲಿ ದೂರು ಕೊಟ್ಟು ಅದರ ಸ್ವೀಕೃತಿ ಪಡೆಯಲಿ.

ಇಷ್ಟನ್ನು ವ್ಯಾಪಾರಸ್ಥರು ಮಾಡುತ್ತಾರೆ ಅಂತಿಟ್ಟುಕೊಳ್ಳೋಣ. ಅಂಚೆ ಇಲಾಖೆ ಏನು ಮಾಡಬೇಕು? ನೂರಿಪ್ಪತ್ತು ವರ್ಷ ದಾಟಿದ ಕಾನೂನಿನ ವರ ‘ರಿಜಿಸ್ಟರ್ಡ್’ ಅನ್ನುವ ಒಂದು ಶಬ್ದಕ್ಕೆ ಅಂಟಿಕೊಂಡಿದೆ. ಆ ಶಬ್ದವನ್ನು ತೆಗೆದು 5 ರೂಪಾಯಿಯ ಮೇಲುಸೇವೆ ಮಾಡಿದ ಮೇಲೆ, ಅದನ್ನು ಕೇಳಿ ಪಡೆಯಬೇಕೆಂದು ಜನಕ್ಕೆ ತಿಳಿಸುವ ಹೊಣೆಯೂ ಇಲಾಖೆಯದೇ. ಪ್ರತಿ ಕೌಂಟರಿನ ಮೇಲೆ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ, ಒಂದು ಬೋರ್ಡು ಸಾಕು: ‘ನೋಟಿಸು, ಕೋರ್ಟು ಕಾಗದಕ್ಕೆ ಸ್ಪೀಡ್ ಪೋಸ್ಟ್ ಜೊತೆ ರಿಜಿಸ್ಟ್ರೇಷನ್ ಕೇಳಿ.’ ಬೋರ್ಡಿಗೆ ಆಗುವ ಖರ್ಚು ಅಂಥ ದೊಡ್ಡದೇನಲ್ಲ. ಇಲ್ಲದ ಬೋರ್ಡಿನಿಂದ ಹಳ್ಳಿಯ ಒಬ್ಬ ಕಿರಾಣಿಯವನ ಬಾಕಿ ಮುಳುಗಿದರೆ ಅದನ್ನು ಕಟ್ಟಿಕೊಡುವವರು ಯಾರು?

ಬೋರ್ಡು ಬರುವವರೆಗೆ ಅಂಗಡಿಯವರೇ ಕೌಂಟರಿನಲ್ಲಿ ಬಾಯಿಬಿಟ್ಟು ಕೇಳಲಿ. ಎರಡು ಶಬ್ದ, 5 ರೂಪಾಯಿ. ‘ಬಂದೇ ಇಲ್ರೀ’ ಅನ್ನುವವರ ಬಾಯಿ ಮುಚ್ಚಿಸಲು ಇಷ್ಟು ಅಗ್ಗದ ದಾರಿ ಬೇರೆ ಇಲ್ಲ.